ಡಬ್ಬಿಗೆ 225 ಖರ್ಚು, 190ಕ್ಕೆ ಆರ್ಡರ್

— ಅತ್ತೆ, ಕಾಸ್ಟ್ ಅಕೌಂಟಿಂಗ್ ಅಸೈನ್‌ಮೆಂಟಿನ ಈ ಒಂದು ಲೆಕ್ಕ ನೋಡಿ ಕೊಡ್ತೀರಾ? ಉತ್ತರ ಬರೆದಿದ್ದೀನಿ, ಆದರೆ ಕೊನೆಯ ಎರಡು ಭಾಗ ಯಾಕೋ ಸರಿಯಿಲ್ಲ ಅನ್ನಿಸ್ತಿದೆ.

— ಉತ್ತರ ಆಮೇಲೆ ನೋಡೋಣ. ಮೊದಲು ಪ್ರಶ್ನೆ ಓದು.

— ಒಂದು ಕಾರ್ಖಾನೆ ಸ್ಟೀಲಿನ ಟಿಫಿನ್ ಡಬ್ಬಿ ತಯಾರಿಸುತ್ತದೆ. ತಿಂಗಳಿಗೆ 10,000 ಡಬ್ಬಿ ಮಾಡುವ ಸಾಮರ್ಥ್ಯವಿದೆ, ಈಗ ಮಾಡಿ ಮಾರುತ್ತಿರುವುದು 8,000. ಮಾರುವ ಬೆಲೆ 250 ರೂಪಾಯಿ. ಒಂದು ಡಬ್ಬಿಗೆ ಕಚ್ಚಾ ಸಾಮಗ್ರಿ 90, ನೇರ ಕೂಲಿ 40, ಫ್ಯಾಕ್ಟರಿ ಓವರ್‌ಹೆಡ್ 60, ಆಡಳಿತ ವೆಚ್ಚ 20, ಮಾರಾಟದ ವೆಚ್ಚ 15. ಒಟ್ಟು 225. ಆಡಳಿತ ವೆಚ್ಚ ಪೂರ್ತಿ ಸ್ಥಿರ, ಮಾರಾಟದ ವೆಚ್ಚದಲ್ಲಿ 5 ರೂಪಾಯಿ ಮಾತ್ರ ವೇರಿಯಬಲ್. ಫ್ಯಾಕ್ಟರಿ ಓವರ್‌ಹೆಡ್ ಬಗ್ಗೆ ಒಂದು ಸಾಲು ಕೊಟ್ಟಿದ್ದಾರೆ: 6,000 ಡಬ್ಬಿ ಮಾಡಿದ ತಿಂಗಳಲ್ಲಿ ಅದು ಒಟ್ಟು 4,30,000 ಆಗಿತ್ತು.

— ಕೇಳಿರುವುದೇನು?

— ಬ್ರೇಕ್ ಈವನ್ ಪಾಯಿಂಟ್, 6,000 ಡಬ್ಬಿಗೆ ಮತ್ತು 10,000 ಡಬ್ಬಿಗೆ ಲಾಭ ಎಷ್ಟು ಅನ್ನೋದು, ಆಮೇಲೆ ಒಂದು ವಿಶೇಷ ಆರ್ಡರು. ಒಬ್ಬ ಗಿರಾಕಿ 2,000 ಡಬ್ಬಿಯನ್ನು 190 ರೂಪಾಯಿಗೆ ಕೇಳ್ತಾನೆ, ಒಪ್ಪಬೇಕಾ ಬೇಡವಾ. ಅದೇ ಗಿರಾಕಿ 3,000 ಕೇಳಿದರೆ ಏನು ಮಾಡಬೇಕು, ಅದು ಕೊನೆಯದು.

— ಲಾಭದ್ದು ಏನು ಬರೆದಿದ್ದೀಯ?

— ಬೆಲೆ 250, ವೆಚ್ಚ 225, ಡಬ್ಬಿಗೆ 25 ಲಾಭ. 6,000ಕ್ಕೆ ಒಂದೂವರೆ ಲಕ್ಷ, 10,000ಕ್ಕೆ ಎರಡೂವರೆ ಲಕ್ಷ.

— ಅಲ್ಲೇ ಎಡವಿರುವುದು ಕಣೇ. ಆ 225 ಯಾವ ತಿಂಗಳಿನದು?

— 8,000 ಮಾಡಿದ ತಿಂಗಳಿನದು.

— ಆಡಳಿತ ವೆಚ್ಚ ಡಬ್ಬಿಗೆ 20 ಅಂದರೆ ಆ ತಿಂಗಳು ಆಫೀಸಿಗೆ 1,60,000 ಖರ್ಚಾಗಿದೆ. ಅದನ್ನು 8,000ಕ್ಕೆ ಹಂಚಿದಾಗ 20 ಬಂತು. ಡಬ್ಬಿ 6,000ಕ್ಕೆ ಇಳಿಯಿತು ಅಂತ ಮ್ಯಾನೇಜರಿನ ಸಂಬಳ ಇಳಿಯುತ್ತದೆಯೇ? ಅದೇ 1,60,000ವನ್ನು ಈಗ 6,000ಕ್ಕೆ ಹಂಚಬೇಕು, ಡಬ್ಬಿಗೆ 26 ರೂಪಾಯಿ 67 ಪೈಸೆ ಆಗುತ್ತದೆ. ಹಾಗಾಗಿ ನಿನ್ನ 225 ಅನ್ನುವ ಅಂಕಿ 8,000ಕ್ಕೆ ಮಾತ್ರ ನಿಜ. ಅದನ್ನು ಬೇರೆ ತಿಂಗಳಿಗೆ ಎತ್ತಿಕೊಂಡು ಹೋದರೆ ಲೆಕ್ಕ ಕೆಡುತ್ತದೆ. ಸ್ಥಿರ ವೆಚ್ಚ ತಿಂಗಳಿಗೆ ಸೇರಿದ ಇಡಿಗಂಟು. ಅದನ್ನು ಡಬ್ಬಿಯ ತಲೆಗೆ ಕಟ್ಟಿದ್ದು ನಾವು.

— ಹಾಗಾದರೆ ಮೊದಲು ಸ್ಥಿರ ವೆಚ್ಚ ಬೇರೆ ಮಾಡಬೇಕು. ಫ್ಯಾಕ್ಟರಿ ಓವರ್‌ಹೆಡ್ 60ರಲ್ಲಿ ಎಷ್ಟು ಸ್ಥಿರ ಅಂತ ಕೊಟ್ಟೇ ಇಲ್ಲವಲ್ಲ ಅತ್ತೆ. 4,30,000ವನ್ನು 6,000ದಿಂದ ಭಾಗಿಸಿದೆ, 71 ರೂಪಾಯಿ 67 ಪೈಸೆ ಬಂತು. ಮುದ್ರಣದ ತಪ್ಪು ಅಂದುಕೊಂಡು ಬಿಟ್ಟುಬಿಟ್ಟೆ.

— ಮುದ್ರಣದ ತಪ್ಪಲ್ಲ, ಬೀಗದ ಕೈ ಇರುವುದೇ ಅಲ್ಲಿ. ಫ್ಯಾಕ್ಟರಿ ಓವರ್‌ಹೆಡ್‌ನಲ್ಲಿ ಎರಡೂ ಬೆರೆತಿರುತ್ತವೆ. ನಮ್ಮ ಕಾರ್ಖಾನೆಯ ಕರೆಂಟ್ ಬಿಲ್ಲನ್ನೇ ತೆಗೆದುಕೋ. ಅದರಲ್ಲಿ ಡಿಮ್ಯಾಂಡ್ ಚಾರ್ಜ್ ಅಂತ ಒಂದು ಸಾಲು ಇರುತ್ತದೆ, ಪ್ರೆಸ್ ಓಡಲಿ ಬಿಡಲಿ ಕಟ್ಟಲೇಬೇಕು. ಕೆಳಗೆ ಯೂನಿಟ್ಟಿನ ಲೆಕ್ಕದ ಚಾರ್ಜ್, ಅದು ಪ್ರೆಸ್ ಓಡಿದಷ್ಟು. ಶೆಡ್ಡಿನ ಬಾಡಿಗೆ, ಸೂಪರ್‌ವೈಸರ್ ಸಂಬಳ, ಯಂತ್ರದ ಸವಕಳಿ ಒಂದು ಕಡೆ. ಪಾಲಿಶ್ ಮಾಡುವ ಬಫ್, ಅದಕ್ಕೆ ಹಚ್ಚುವ ಕಾಂಪೌಂಡ್, ಡೈಗೆ ಹಾಕುವ ಎಣ್ಣೆ ಇನ್ನೊಂದು ಕಡೆ. ಇವೆಲ್ಲ ಸೇರಿ 60 ಆಗಿದೆ. ಬೇರ್ಪಡಿಸಬೇಕಾದರೆ ಎರಡು ತಿಂಗಳನ್ನು ಪಕ್ಕ ಪಕ್ಕ ಇಡು. 8,000ಕ್ಕೆ ಒಟ್ಟು ಎಷ್ಟು?

— ಅರವತ್ತರಂತೆ 4,80,000. 6,000ಕ್ಕೆ 4,30,000.

— ಡಬ್ಬಿ 2,000 ಹೆಚ್ಚಾದಾಗ ಖರ್ಚು 50,000 ಹೆಚ್ಚಾಯಿತು. ಸ್ಥಿರ ಭಾಗ ಎರಡೂ ತಿಂಗಳಲ್ಲಿ ಒಂದೇ ಆದ್ದರಿಂದ ಈ 50,000 ಪೂರ್ತಿ ವೇರಿಯಬಲ್.

— ಅಂದರೆ ಡಬ್ಬಿಗೆ 25. 8,000ಕ್ಕೆ ಎರಡು ಲಕ್ಷ. 4,80,000ದಲ್ಲಿ ಅದನ್ನು ಕಳೆದರೆ 2,80,000 ಸ್ಥಿರ.

— 6,000ದ ತಿಂಗಳಿನಿಂದಲೂ ಅದೇ ಬರುತ್ತದಾ ನೋಡು.

— ಒಂದೂವರೆ ಲಕ್ಷ ವೇರಿಯಬಲ್, ಉಳಿದದ್ದು 2,80,000. ಬಂತು.

— ಇದು ಎರಡೇ ತಿಂಗಳನ್ನು ನಂಬಿಕೊಂಡ ವಿಧಾನ, ಅದು ನೆನಪಿರಲಿ. 8,000ದ ತಿಂಗಳಲ್ಲಿ ಪ್ರೆಸ್ ಕೆಟ್ಟು ರಿಪೇರಿಗೆ 20,000 ಹೋಗಿದ್ದರೆ ಡಬ್ಬಿಗೂ ಅದಕ್ಕೂ ಸಂಬಂಧವಿರುವುದಿಲ್ಲ, ಆದರೂ ಅದು ವೇರಿಯಬಲ್ ಒಳಗೆ ನುಸುಳಿಬಿಡುತ್ತದೆ. ಆ 20,000 ತೆಗೆದರೆ ವ್ಯತ್ಯಾಸ 30,000 ಮಾತ್ರ, ಡಬ್ಬಿಗೆ 25ರ ಬದಲು 15. ನಿಜವಾದ ಲೆಕ್ಕದಲ್ಲಿ ಇಂಥ ಬಿಲ್ಲುಗಳನ್ನು ಮೊದಲು ಹೊರಗಿಡುತ್ತೇವೆ. ನಿನ್ನ ಪ್ರಶ್ನೆಯಲ್ಲಿ ಅಂಥದ್ದೇನೂ ಇಲ್ಲ, ಮುಂದೆ ಹೋಗು.

— ವೇರಿಯಬಲ್ ಎಂದರೆ 90, 40, 25, 5. ಒಟ್ಟು 160. ಕಾಂಟ್ರಿಬ್ಯೂಷನ್ 90. ಸ್ಥಿರ ವೆಚ್ಚ ಫ್ಯಾಕ್ಟರಿಯದು 2,80,000, ಆಡಳಿತದ್ದು 1,60,000, ಮಾರಾಟದ್ದು ಹತ್ತರಂತೆ 80,000. ಒಟ್ಟು 5,20,000.

— ಈಗ ಲಾಭದ ಲೆಕ್ಕ ಮತ್ತೆ ಮಾಡು.

— 6,000 ಡಬ್ಬಿಗೆ ಕಾಂಟ್ರಿಬ್ಯೂಷನ್ 5,40,000. ಸ್ಥಿರ ವೆಚ್ಚ ಕಳೆದರೆ... ಬರೀ 20,000! ನಾನು ಒಂದೂವರೆ ಲಕ್ಷ ಬರೆದಿದ್ದೆ. 10,000ಕ್ಕೆ 9 ಲಕ್ಷದಲ್ಲಿ 5,20,000 ಕಳೆದರೆ 3,80,000. ಅಲ್ಲಿ ನಾನು ಕಡಿಮೆ ತೋರಿಸಿದ್ದೆ.

— 8,000ಕ್ಕೆ?

— 7,20,000ದಲ್ಲಿ 5,20,000 ಹೋದರೆ ಎರಡು ಲಕ್ಷ. ನನ್ನ 25ರ ಲೆಕ್ಕದಲ್ಲೂ ಎರಡು ಲಕ್ಷವೇ.

— ಅದೊಂದೇ ಜಾಗದಲ್ಲಿ ಎರಡೂ ಲೆಕ್ಕ ಕೂಡುತ್ತವೆ. ಕೆಳಗಿಳಿದಂತೆ ನಿನ್ನ ಹಳೆಯ ಲೆಕ್ಕ ಇಲ್ಲದ ಲಾಭ ತೋರಿಸುತ್ತದೆ. 5,000 ಡಬ್ಬಿಗೆ ಅದು 1,25,000 ಲಾಭ ಅನ್ನುತ್ತದೆ, ನಿಜವಾಗಿ 70,000 ನಷ್ಟ. ವ್ಯಾಪಾರ ಇಳಿಮುಖವಾದ ಕಾಲದಲ್ಲೇ ಈ ತಪ್ಪು ಕಣ್ಣಿಗೆ ಬೀಳದೆ ಹೋಗುತ್ತದೆ, ಅದಕ್ಕೇ ನನಗೆ ಇದರ ಮೇಲೆ ಅಷ್ಟು ಸಿಟ್ಟು. ಇರಲಿ. ಬ್ರೇಕ್ ಈವನ್ ಎಷ್ಟು?

— 5,20,000 ಭಾಗಿಸು 90. 5,777.78. ಅಂದಾಜಿಗೆ 5,778.

— ಯಾಕೆ ಮೇಲಕ್ಕೆ ತೆಗೆದುಕೊಂಡೆ?

— ಅರ್ಧಕ್ಕಿಂತ ಹೆಚ್ಚಿದೆಯಲ್ಲ.

— 5,777.2 ಬಂದಿದ್ದರೂ ಮೇಲಕ್ಕೇ ತೆಗೆದುಕೊಳ್ಳಬೇಕು. 5,777 ಡಬ್ಬಿ ಮಾರಿದರೆ ಕಾಂಟ್ರಿಬ್ಯೂಷನ್ 5,19,930, ಇನ್ನೂ 70 ರೂಪಾಯಿ ನಷ್ಟ. ಇನ್ನೊಂದು ಡಬ್ಬಿ ಮಾರಿದಾಗ 90 ಬಂದು 20 ರೂಪಾಯಿ ಲಾಭ. ಗೆರೆ ದಾಟುವುದು ಆ ಡಬ್ಬಿಯಲ್ಲಿ. ಪಿ/ವಿ ರೇಶಿಯೊ ಹೇಳು.

— 250ಕ್ಕೆ 90, ಅಂದರೆ ಶೇಕಡ 36. ರೂಪಾಯಿಯಲ್ಲಿ ಬ್ರೇಕ್ ಈವನ್ 14,44,444.

— ಉತ್ತರ ಸರಿಯಿದೆಯೋ ಇಲ್ಲವೋ ಅಂತ ಯಾರನ್ನೂ ಕೇಳದೆ ತಿಳಿಯುವ ದಾರಿ ಒಂದಿದೆ. ಈಗಿನ ಮಾರಾಟ 8,000, ಬ್ರೇಕ್ ಈವನ್ 5,777.78. ಈ ನಡುವಿನ 2,222.22 ಡಬ್ಬಿಯೇ ಮಾರ್ಜಿನ್ ಆಫ್ ಸೇಫ್ಟಿ. ಸ್ಥಿರ ವೆಚ್ಚ ಆಗಲೇ ತೀರಿಹೋಗಿರುವುದರಿಂದ ಆ ಡಬ್ಬಿಗಳ ಕಾಂಟ್ರಿಬ್ಯೂಷನ್ ಪೂರ್ತಿ ಲಾಭ. ಅದನ್ನು 90ರಿಂದ ಗುಣಿಸು.

— ಎರಡು ಲಕ್ಷ! ಕೂಡಿತು.

— ಕೂಡದೆ ಹೋದರೆ ಎಲ್ಲೋ ಒಂದು ವೆಚ್ಚ ತಪ್ಪು ಕಡೆ ಕೂತಿದೆ ಅಂತ ಅರ್ಥ. ಈ ತಾಳೆ ನೋಡದೆ ಮುಂದಿನ ಭಾಗಕ್ಕೆ ಕೈ ಹಾಕಬೇಡ. ಈಗ ಆರ್ಡರು. ಗಿರಾಕಿಯದು ಬೇರೆ ಷರತ್ತೇನಾದರೂ ಇದೆಯಾ?

— ನೇರ ಗಿರಾಕಿ ಆದ್ದರಿಂದ ಆ 5 ರೂಪಾಯಿಯ ಮಾರಾಟದ ವೆಚ್ಚ ಇರುವುದಿಲ್ಲ. ಆದರೆ ಅವನಿಗೆ ಬೇರೆ ಪ್ಯಾಕಿಂಗ್ ಬೇಕು, ಡಬ್ಬಿಗೆ 10 ರೂಪಾಯಿ. ನಾನು ಬರೆದಿದ್ದು ಇದು: ವೆಚ್ಚ 225, ಕೊಡುವುದು 190, ಡಬ್ಬಿಗೆ 35 ನಷ್ಟ, ಆರ್ಡರ್ ಬೇಡ.

— 8,000 ಡಬ್ಬಿ ಆಗಲೇ ಆ 5,20,000ವನ್ನು ಹೊತ್ತುಕೊಂಡಿವೆ. ಈ 2,000 ಬಂದರೆ ಶೆಡ್ಡಿಗೆ ಎರಡನೇ ಬಾಡಿಗೆ ಕಟ್ಟಬೇಕಾ?

— ಇಲ್ಲ. ಹಾಗಾದರೆ ಈ ಆರ್ಡರಿನಿಂದ ಹೊಸದಾಗಿ ಆಗುವ ಖರ್ಚು ಮಾತ್ರ ಹಿಡಿಯಬೇಕು. 90, 40, 25, ಪ್ಯಾಕಿಂಗ್ 10. ಒಟ್ಟು 165. ಡಬ್ಬಿಗೆ 25 ಉಳಿಯುತ್ತದೆ, 2,000ಕ್ಕೆ 50,000. ತಿಂಗಳ ಲಾಭ ಎರಡು ಲಕ್ಷದಿಂದ ಎರಡೂವರೆ ಲಕ್ಷಕ್ಕೆ ಏರುತ್ತದೆ.

— ಒಪ್ಪಬೇಕು ಅಂತ ಬರೆ.

— ಆದರೆ ಅತ್ತೆ, ಹಾಗಿದ್ದ ಮೇಲೆ ಡಬ್ಬಿಗೆ ಸ್ಥಿರ ವೆಚ್ಚ ಹಂಚುವ ಲೆಕ್ಕವನ್ನೇ ಯಾಕೆ ಮಾಡಿಸ್ತಾರೆ? ಹಿಂದಿನ ಸೆಮಿಸ್ಟರ್ ಪೂರ್ತಿ ಅದೇ ಮಾಡಿದೆವಲ್ಲ.

— ಎರಡು ಕಾರಣ. ಎಲ್ಲ ಗಿರಾಕಿಗಳಿಗೂ 190ಕ್ಕೆ ಮಾರುತ್ತಾ ಕೂತರೆ ಆ 5,20,000 ಹೊರುವವರು ಯಾರು? ವರ್ಷವಿಡೀ ಮಾರುವ ಬೆಲೆ ಪೂರ್ತಿ ವೆಚ್ಚವನ್ನು ತೀರಿಸಲೇಬೇಕು. ಇನ್ನೊಂದು ಕಾರಣ ಕಾನೂನಿನದು. ವರ್ಷದ ಕೊನೆಗೆ ಉಳಿದ ದಾಸ್ತಾನಿನ ಬೆಲೆ ಕಟ್ಟುವಾಗ ಅಕೌಂಟಿಂಗ್ ಸ್ಟ್ಯಾಂಡರ್ಡ್ 2ರ ಪ್ರಕಾರ ಉತ್ಪಾದನೆಯ ಸ್ಥಿರ ಓವರ್‌ಹೆಡ್ಡನ್ನೂ ಸೇರಿಸಬೇಕು, ಅದೂ ಸಾಮಾನ್ಯ ಸಾಮರ್ಥ್ಯದ ಆಧಾರದ ಮೇಲೆ. ಮಾರ್ಜಿನಲ್ ಕಾಸ್ಟಿಂಗ್‌ನಂತೆ ಬರೀ ವೇರಿಯಬಲ್ ವೆಚ್ಚಕ್ಕೆ ದಾಸ್ತಾನು ತೋರಿಸಿದರೆ ಆಡಿಟರ್ ಒಪ್ಪುವುದಿಲ್ಲ. ಮಾರ್ಜಿನಲ್ ಲೆಕ್ಕ ಕಾರ್ಖಾನೆಯ ಒಳಗಿನ ನಿರ್ಧಾರಗಳಿಗೆ. ಆಫೀಸಿನಲ್ಲಿ ನಾವು ಎರಡೂ ಶೀಟ್ ಇಟ್ಟುಕೊಂಡಿರುತ್ತೇವೆ.

— 3,000ದ ಆರ್ಡರಿಗೂ ಹೀಗೇನಾ? 25ರಂತೆ 75,000 ಲಾಭ. 2,000ಕ್ಕಿಂತ ಇದೇ ಮೇಲು.

— ಸಾಮರ್ಥ್ಯ ಎಷ್ಟು ಅಂದೆ?

— 10,000. ಓ, ಖಾಲಿ ಇರುವುದು 2,000 ಮಾತ್ರ. ಕೊಟ್ಟರೆ 3,000ವನ್ನೂ ಒಟ್ಟಿಗೆ ಕೊಡಬೇಕು ಅಂತ ಪ್ರಶ್ನೆಯಲ್ಲಿದೆ. ಹಾಗಾದರೆ ಈಗಿನ ಗಿರಾಕಿಗಳಿಗೆ 1,000 ಡಬ್ಬಿ ಕಡಿಮೆ ಕೊಡಬೇಕಾಗುತ್ತದೆ.

— ಆ 1,000 ಡಬ್ಬಿಯಿಂದ ಎಷ್ಟು ಕೈಬಿಟ್ಟು ಹೋಯಿತು?

— 250 ರೂಪಾಯಿಯಂತೆ ಎರಡೂವರೆ ಲಕ್ಷ.

— ಅಷ್ಟು ಹೋಗುವುದಿಲ್ಲ. ಆ ಡಬ್ಬಿ ಮಾಡದಿದ್ದರೆ ಸ್ಟೀಲ್ ತರುವ ಖರ್ಚೂ ಇಲ್ಲವಲ್ಲ.

— ಕಾಂಟ್ರಿಬ್ಯೂಷನ್ ಮಾತ್ರ. 90ರಂತೆ 90,000. ಆರ್ಡರಿನಿಂದ ಬರುವುದು 75,000. ನಿವ್ವಳ 15,000 ಕೈಬಿಡುತ್ತದೆ. ಲಾಭ 1,85,000ಕ್ಕೆ ಇಳಿಯುತ್ತದೆ. ಆರ್ಡರ್ ಬೇಡ.

— ಮಾಲೀಕರು ಇಷ್ಟಕ್ಕೆ ಬಿಡುವುದಿಲ್ಲ. ಎಷ್ಟು ಕೊಟ್ಟರೆ ಒಪ್ಪಬಹುದು ಅಂತ ಕೇಳುತ್ತಾರೆ.

— ಹೋದ 90,000ವನ್ನು ಈ 3,000 ಡಬ್ಬಿಯ ಮೇಲೆ ಹಾಕಬೇಕು. ಡಬ್ಬಿಗೆ 30. 165 ಮತ್ತು 30, 195 ರೂಪಾಯಿ. ಅಲ್ಲಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅದಕ್ಕಿಂತ ಮೇಲೆ ಎಷ್ಟು ಕೊಟ್ಟರೂ ಲಾಭ.

— ಅಸೈನ್‌ಮೆಂಟಿಗೆ ಇಷ್ಟು ಸಾಕು. ಆದರೆ ಇದೇ ಲೆಕ್ಕವನ್ನು ನಾನು ಕಾರ್ಖಾನೆಗೆ ಒಯ್ದರೆ ನಮ್ಮ ಪ್ರೊಡಕ್ಷನ್ ಮ್ಯಾನೇಜರ್ ಒಂದು ಸಾಲಿನ ಮೇಲೆ ಬೆರಳಿಟ್ಟು ನಿಲ್ಲಿಸುತ್ತಾರೆ. ಯಾವ ಸಾಲು ಹೇಳು ನೋಡೋಣ.

— ಫ್ಯಾಕ್ಟರಿ ಓವರ್‌ಹೆಡ್?

— ಅದನ್ನು ಆಗಲೇ ಬಿಡಿಸಿದೆವು. ಕೂಲಿ. ಡಬ್ಬಿಗೆ 40 ಅಂತ ಬರೆದಿದ್ದಾರೆ, ಎಲ್ಲ ಪಠ್ಯಪುಸ್ತಕವೂ ನೇರ ಕೂಲಿಯನ್ನು ವೇರಿಯಬಲ್ ಅನ್ನುತ್ತದೆ. ಡಬ್ಬಿಯ ಲೆಕ್ಕದಲ್ಲಿ ಕೂಲಿ ಕೊಡುವ ಕಡೆ ಅದು ನಿಜ. ಪ್ರೆಸ್ಸಿನ ಮುಂದೆ ನಿಂತವರು ತಿಂಗಳ ಸಂಬಳದವರಾದರೆ? 6,000 ಮಾಡಿದರೂ 8,000 ಮಾಡಿದರೂ ಅವರಿಗೆ ಕೊಡುವುದು ಒಂದೇ.

— ಹಾಗಾದರೆ 3,20,000 ಕೂಲಿ ಸ್ಥಿರ ವೆಚ್ಚದ ಕಡೆ ಹೋಗುತ್ತದೆ.

— ಲೆಕ್ಕ ಹಾಕು, ಪೂರ್ತಿ.

— ವೇರಿಯಬಲ್ 120. ಕಾಂಟ್ರಿಬ್ಯೂಷನ್ 130. ಸ್ಥಿರ 8,40,000. 8,000ಕ್ಕೆ 10,40,000ದಲ್ಲಿ ಅದನ್ನು ಕಳೆದರೆ ಲಾಭ ಅದೇ ಎರಡು ಲಕ್ಷ. ಬ್ರೇಕ್ ಈವನ್ ಮಾತ್ರ 6,462ಕ್ಕೆ ಏರಿತು.

— ಈಗ 190ರ ಆರ್ಡರ್.

— 2,000ಕ್ಕೆ ಹೊಸ ಖರ್ಚು 90, 25, 10. ಬರೀ 125. ಡಬ್ಬಿಗೆ 65 ಉಳಿಯಿತು, 1,30,000 ಹೆಚ್ಚು ಲಾಭ. 3,000ಕ್ಕೆ 1,95,000 ಬರುತ್ತದೆ, ಹೋಗುವುದು 1,000 ಡಬ್ಬಿಯ 130ರಂತೆ 1,30,000. ಅತ್ತೆ, 65,000 ಲಾಭ! ಈಗಷ್ಟೇ ಬೇಡ ಅಂದ ಆರ್ಡರು ಬೇಕು ಅಂತಾಯಿತು.

— ಅಂಕಿ ಒಂದೂ ಬದಲಾಗಲಿಲ್ಲ. ಕೂಲಿಯ ಸಾಲು ಈ ಕಡೆಯಿಂದ ಆ ಕಡೆಗೆ ಹೋಯಿತು, ಅಷ್ಟೇ. ಬ್ರೇಕ್ ಈವನ್ ಮೇಲೆ ಹೋಗಿದ್ದು ಕಾರ್ಖಾನೆಗೆ ಅಪಾಯ ಹೆಚ್ಚಿದ ಲಕ್ಷಣ, ಮಾರಾಟ ಕುಸಿದರೆ ಬೇಗ ನಷ್ಟಕ್ಕೆ ಬೀಳುತ್ತದೆ. ಅದೇ ಕಾರಣಕ್ಕೆ ಬಂದ ಆರ್ಡರ್ ಬಿಡುವುದೂ ದುಬಾರಿಯಾಗುತ್ತದೆ. ಹೆಚ್ಚು ಸ್ಥಿರ ವೆಚ್ಚದ ಉದ್ಯಮಗಳು ಸಾಮರ್ಥ್ಯ ಖಾಲಿ ಇದ್ದಾಗ ಬೆಲೆ ಇಳಿಸಿಯಾದರೂ ಆರ್ಡರ್ ಹಿಡಿಯಲು ಓಡಾಡುವುದು ಇದಕ್ಕೇ.

— ಆದರೆ ಇದಕ್ಕೆ ಆ ಕೆಲಸಗಾರರ ಕೈ ಖಾಲಿ ಇರಬೇಕಲ್ಲ? 8,000 ಡಬ್ಬಿಗೇ ಅವರ ಪಾಳಿ ಪೂರ್ತಿ ಆಗುತ್ತಿದ್ದರೆ?

— ನಾನು ಹೇಳಬೇಕೆಂದಿದ್ದ ಮಾತನ್ನೇ ಕೇಳಿದೆ. ಯಂತ್ರದ ಸಾಮರ್ಥ್ಯ 10,000 ಇರಬಹುದು, ಜನರ ಸಮಯ 8,000ಕ್ಕೇ ಮುಗಿಯಬಹುದು. ಆಗ ಉಳಿದ 2,000 ಮಾಡಿಸಬೇಕಾದರೆ ಓವರ್‌ಟೈಮ್. ಕಾನೂನಿನ ಪ್ರಕಾರ ಅದಕ್ಕೆ ಸಾಮಾನ್ಯ ದರದ ಎರಡರಷ್ಟು ಕೊಡಬೇಕು.

— ಡಬ್ಬಿಗೆ 80. ಹಾಗಾದರೆ 90, 80, 25, 10, ಒಟ್ಟು 205. ಗಿರಾಕಿ ಕೊಡುವುದು 190. ಡಬ್ಬಿಗೆ 15ರಂತೆ 30,000 ನಷ್ಟ. ಅಯ್ಯೋ, 2,000ದ ಆರ್ಡರೇ ಬೇಡ ಅಂತಾಯಿತು. ಮೂರು ಥರ ಹಿಡಿದರೆ ಮೂರು ಉತ್ತರ! ನಾನು ಯಾವುದನ್ನು ಬರೆಯಲಿ?

— ಪ್ರಶ್ನೆಯಲ್ಲಿ ಸಂಬಳ, ಓವರ್‌ಟೈಮ್ ಅಂತ ಏನೂ ಹೇಳಿಲ್ಲವಾದರೆ ರೂಢಿಯಂತೆ ಕೂಲಿಯನ್ನು ವೇರಿಯಬಲ್ ಅಂತಲೇ ಹಿಡಿ. ಆದರೆ ಉತ್ತರದ ತಲೆಯ ಮೇಲೆ ಅದನ್ನು ಊಹೆ ಅಂತ ಬರೆದುಬಿಡು: ಕೂಲಿ ತಯಾರಿಕೆಯ ಪ್ರಮಾಣಕ್ಕೆ ತಕ್ಕಂತೆ ಬದಲಾಗುತ್ತದೆ, 10,000 ಡಬ್ಬಿಯವರೆಗೆ ಓವರ್‌ಟೈಮ್ ಬೇಕಾಗುವುದಿಲ್ಲ, ಈ ಆರ್ಡರಿನ ಬೆಲೆ ಕೇಳಿ ಹಳೆಯ ಗಿರಾಕಿಗಳು ದರ ಇಳಿಸು ಅನ್ನುವುದಿಲ್ಲ. ಓದುವವರಿಗೆ ನಿನ್ನ ಉತ್ತರ ಯಾವುದರ ಮೇಲೆ ನಿಂತಿದೆ ಅಂತ ಗೊತ್ತಾಗಬೇಕು.

— ಹಳೆಯ ಗಿರಾಕಿಗಳ ವಿಷಯ ಅಷ್ಟು ದೊಡ್ಡದಾ? ಅವರು ದರ ಇಳಿಸು ಅಂದರೂ ಎಷ್ಟು ಇಳಿಸಬಹುದು?

— ನೀನೇ ನೋಡು. ಆರ್ಡರಿನ ಲಾಭ 50,000. ಅದನ್ನು 8,000 ಡಬ್ಬಿಯ ಮೇಲೆ ಹರಡಿದರೆ ಎಷ್ಟು?

— ಆರೂಕಾಲು ರೂಪಾಯಿ.

— 250 ಇದ್ದದ್ದು 243 ರೂಪಾಯಿ 75 ಪೈಸೆಗೆ ಇಳಿದರೆ ಆರ್ಡರಿನಿಂದ ಬಂದದ್ದೆಲ್ಲ ಹೋಯಿತು. ಹಳೆಯ ಗಿರಾಕಿ ಶೇಕಡ ಎರಡೂವರೆ ರಿಯಾಯಿತಿ ಕೇಳಿ ಪಡೆದರೆ ಸಾಕು. ಅದಕ್ಕೇ ಇಂಥ ಆರ್ಡರನ್ನು ಬೇರೆ ಊರಿನ ಗಿರಾಕಿಗೋ, ಬೇರೆ ಹೆಸರಿನ ಮಾಲಿಗೋ ಮಾತ್ರ ಒಪ್ಪಿಕೊಳ್ಳುವುದು.

— ಇನ್ನು ಉಳಿದಿರುವುದು ಬ್ರೇಕ್ ಈವನ್ ಚಾರ್ಟ್ ಒಂದೇ. ಗ್ರಾಫ್ ಶೀಟಿನಲ್ಲಿ ಎರಡು ಗೆರೆ ಎಳೆದೆ, ಆದರೆ ಅವು ಒಂದನ್ನೊಂದು ದಾಟಲೇ ಇಲ್ಲ.

— ತೋರಿಸು. ಎರಡನ್ನೂ ಸೊನ್ನೆಯಿಂದ ಎಳೆದಿದ್ದೀಯ. ಸೊನ್ನೆಯಿಂದ ಹೊರಟ ಎರಡು ನೇರ ಗೆರೆ ಮತ್ತೆ ಎಲ್ಲಿ ಸೇರುತ್ತವೆ? ಒಟ್ಟು ವೆಚ್ಚವನ್ನು ಡಬ್ಬಿಗೆ 225 ಅಂತಲೇ ಹಿಡಿದು ಎಳೆದಿರಬೇಕು.

— ಹೌದು, ಅದೇ ಹಿಡಿದೆ.

— ಒಂದೂ ಡಬ್ಬಿ ಮಾಡದ ತಿಂಗಳಲ್ಲೂ 5,20,000 ಖರ್ಚಿದೆ. ವೆಚ್ಚದ ಗೆರೆ ಎಡಗಡೆಯ ಅಕ್ಷದ ಮೇಲೆ 5,20,000ದಿಂದ ಹೊರಡಬೇಕು. 10,000ದ ಹತ್ತಿರ ಎಷ್ಟಿರುತ್ತದೆ?

— 160ರಂತೆ 16,00,000, ಅದಕ್ಕೆ 5,20,000. ಒಟ್ಟು 21,20,000. ಮಾರಾಟದ ಗೆರೆ ಅಲ್ಲಿ 25,00,000.

— ಎರಡರ ನಡುವಿನ ಅಂತರ 3,80,000, ಆಗ ನೀನು ಹಾಕಿದ ಲಾಭವೇ ಅದು. ಎಡಗಡೆ 5,20,000, ಬಲಗಡೆ 21,20,000, ಇವೆರಡು ಚುಕ್ಕಿ ಇಟ್ಟು ಸ್ಕೇಲಿನಿಂದ ಜೋಡಿಸು. ಮಾರಾಟದ ಗೆರೆಯನ್ನು ಅದು ದಾಟುವ ಜಾಗದಿಂದ ಕೆಳಕ್ಕೆ ಒಂದು ಚುಕ್ಕಿ ಗೆರೆ ಇಳಿಸಿದರೆ 5,800ಕ್ಕೆ ಸ್ವಲ್ಪ ಹಿಂದೆ ಬಂದು ನಿಲ್ಲಬೇಕು. ಗ್ರಾಫಿನಲ್ಲಿ 5,778 ಅಂತ ನಿಖರವಾಗಿ ಓದಲು ಆಗುವುದಿಲ್ಲ, ಅದನ್ನು ಸೂತ್ರದಿಂದ ಬರೆ.

— ಗೆರೆಗಳನ್ನು ಕಾಗದದ ಕೊನೆಯವರೆಗೆ ಎಳೆಯಲಾ? ನೋಡಲು ಚೆನ್ನಾಗಿರುತ್ತದೆ.

— ಬೇಡ, 10,000ಕ್ಕೆ ನಿಲ್ಲಿಸು. ಅದರಾಚೆ ಇನ್ನೊಂದು ಪ್ರೆಸ್, ಇನ್ನೊಬ್ಬ ಸೂಪರ್‌ವೈಸರ್ ಬೇಕಾಗುತ್ತದೆ. ಆಗ ಈ 5,20,000 ಇರುವುದಿಲ್ಲ, ನಿನ್ನ ವೆಚ್ಚದ ಗೆರೆಯೂ ಇದಾಗಿರುವುದಿಲ್ಲ.